ಎಷ್ಟು ಗುಳ್ಳ ತೂಗಬೇಕು? ಫೋಟೋದಲ್ಲಿ ಬಂದ ಟಿಪ್ಪಣಿಯಿಂದ ಮಾದರಿ ಗಾತ್ರದ ಲೆಕ್ಕ

ಉಡುಪಿಯಿಂದ ಮಂಗಳೂರಿನ ದಿಕ್ಕಿಗೆ ಹೆದ್ದಾರಿಯಲ್ಲಿ ಹೋಗುವಾಗ ಕಟಪಾಡಿಯಲ್ಲಿ ಕಡಲ ಕಡೆಗೆ ತಿರುಗಿದರೆ ಮಟ್ಟು ಸಿಗುತ್ತದೆ. ತಿಳಿಹಸಿರು ಮೈಯ, ಬಿಳಿ ಗೀರಿನ, ತೆಳುಸಿಪ್ಪೆಯ ಬದನೆಕಾಯಿ ಮಟ್ಟುಗುಳ್ಳ ಬೆಳೆಯುವ ಊರು ಅದು. ಈ ಬೆಳೆಯ ಮೇಲೆ ಕೃಷಿ, ಸಸ್ಯಶಾಸ್ತ್ರ ಅಥವಾ ವಾಣಿಜ್ಯ ಓದುವ ವಿದ್ಯಾರ್ಥಿ ಯೋಜನಾ ವರದಿ ಬರೆಯಲು ಹೊರಟರೆ ಬಹಳ ಬೇಗ ಒಂದು ಪ್ರಶ್ನೆ ಎದುರಾಗುತ್ತದೆ. ಕೊಯ್ದ ಗುಳ್ಳದ ಸರಾಸರಿ ತೂಕವನ್ನು ನಂಬುವಂತೆ ಹೇಳಬೇಕಾದರೆ ಎಷ್ಟು ಕಾಯಿ ತೂಗಬೇಕು? ಐವತ್ತೇ, ನೂರೇ, ಐನೂರೇ?

"ಕನಿಷ್ಠ ಮೂವತ್ತು ಇದ್ದರೆ ಸಾಕು" ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಮೂವತ್ತು ಎಂಬ ಸಂಖ್ಯೆಗೂ ನಿಮಗೆ ಬೇಕಾದ ನಿಖರತೆಗೂ ಯಾವ ಸಂಬಂಧವೂ ಇಲ್ಲ. ಎಷ್ಟು ತೂಗಬೇಕು ಎಂಬುದನ್ನು ಮುಖ್ಯವಾಗಿ ಮೂರು ವಿಷಯಗಳು ತೀರ್ಮಾನಿಸುತ್ತವೆ: ಎಷ್ಟು ಗ್ರಾಂ ಆಚೀಚೆ ಆದರೆ ನೀವು ಒಪ್ಪುತ್ತೀರಿ, ಎಷ್ಟು ಖಚಿತತೆ ಬೇಕು, ಕಾಯಿಯಿಂದ ಕಾಯಿಗೆ ತೂಕ ಎಷ್ಟು ಬದಲಾಗುತ್ತದೆ. ಮೊದಲಿನ ಎರಡನ್ನು ನೀವೇ ನಿರ್ಧರಿಸಬಹುದು. ಮೂರನೆಯದು ಗದ್ದೆಯಿಂದಲೇ ಬರಬೇಕು. ಅದಕ್ಕಾಗಿಯೇ ಮೊದಲು ಕೆಲವೇ ಕಾಯಿಗಳನ್ನು ತೂಗಿ ನೋಡುವ ಪೈಲಟ್ ಸಮೀಕ್ಷೆ ಮಾಡುತ್ತಾರೆ. ಅದರ ಫಲಿತಾಂಶ ಹೆಚ್ಚಿನ ಸಲ ನಮ್ಮ ಕೈಗೆ ಬರುವುದು ನೋಟ್‌ಬುಕ್ಕಿನ ಒಂದು ಹಾಳೆಯಾಗಿ, ಅದೂ ಯಾರೋ ಮೊಬೈಲಿನಲ್ಲಿ ತೆಗೆದು ಕಳುಹಿಸಿದ ಫೋಟೋ ಆಗಿ. ಆ ಫೋಟೋದಿಂದ ಮಾದರಿ ಗಾತ್ರದವರೆಗೆ ಹೇಗೆ ನಡೆಯುವುದು ಎಂಬುದನ್ನು ಒಂದು ಉದಾಹರಣೆಯ ಮೂಲಕ ಪೂರ್ತಿಯಾಗಿ ನೋಡೋಣ. ಸಂಖ್ಯೆಗಳು ಉದಾಹರಣೆಗಾಗಿ ಕಟ್ಟಿದವು. ಮಟ್ಟುಗುಳ್ಳದ ನಿಜವಾದ ಸರಾಸರಿ ಎಂದು ಎಲ್ಲಿಯೂ ಬಳಸಬೇಡಿ.

ಮೊದಲು ಮಿತಿಯನ್ನು ನಿರ್ಧರಿಸಿ

ಮಿತಿ ಎಂದರೆ ಸರಾಸರಿಯ ಎರಡೂ ಬದಿಗೆ ನೀವು ಬಿಟ್ಟುಕೊಡುವ ಅಂತರ. ಇದನ್ನು ಸೂತ್ರದಲ್ಲಿ E ಎಂದು ಬರೆಯುತ್ತಾರೆ. ಹತ್ತು ಗ್ರಾಂ ಇರಲಿ, ಐದು ಗ್ರಾಂ ಇರಲಿ ಎಂದು ಬಾಯಿಗೆ ಬಂದದ್ದನ್ನು ಹೇಳುವ ಬದಲು, ಉತ್ತರವನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿಕೊಳ್ಳಿ. 25 ಕಿಲೋ ತುಂಬುವ ಒಂದು ಕ್ರೇಟಿನಲ್ಲಿ ಎಷ್ಟು ಕಾಯಿ ಬರುತ್ತದೆ ಎಂದು ಅಂದಾಜು ಮಾಡುವುದು ನಿಮ್ಮ ಉದ್ದೇಶ ಎಂದುಕೊಳ್ಳಿ. ಸರಾಸರಿ 260 ಗ್ರಾಂ ಆದರೆ ಕ್ರೇಟಿಗೆ ಸುಮಾರು 96 ಕಾಯಿ. 250 ಆದರೆ 100, 270 ಆದರೆ ಸುಮಾರು 93. ಅಂದರೆ ಹತ್ತು ಗ್ರಾಂ ಆಚೀಚೆಯಾದರೆ ಕ್ರೇಟಿನಲ್ಲಿ ಮೂರು ನಾಲ್ಕು ಕಾಯಿಯ ವ್ಯತ್ಯಾಸ. ಅಷ್ಟು ನಡೆಯುತ್ತದೆ ಎಂದಾದರೆ E = 10 ಗ್ರಾಂ.

ಇಲ್ಲಿ ದುರಾಸೆ ಬೇಡ. ಮಿತಿಯನ್ನು ಅರ್ಧಕ್ಕೆ ಇಳಿಸಿದರೆ ತೂಗಬೇಕಾದ ಕಾಯಿಗಳ ಸಂಖ್ಯೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಕೊಯ್ದು ಮಾರುಕಟ್ಟೆಗೆ ಹೊರಡುವ ಅವಸರದಲ್ಲಿರುವ ಬೆಳೆಗಾರರನ್ನು ನಿಲ್ಲಿಸಿ, ಅವರ ಕಾಯಿಗಳನ್ನು ಒಂದೊಂದಾಗಿ ತೂಗುತ್ತಿರುತ್ತೀರಿ. ಬೇಡದ ನಿಖರತೆಗಾಗಿ ಅವರ ಸಮಯ ತೆಗೆದುಕೊಳ್ಳುವುದು ಸರಿಯಲ್ಲ. ಹಾಗೆಯೇ ಕಡಿಮೆ ತೂಗಿ, ಏನೂ ಹೇಳಲಾಗದ ಉತ್ತರದೊಂದಿಗೆ ಹಿಂತಿರುಗುವುದೂ ಅವರ ಸಮಯವನ್ನು ವ್ಯರ್ಥ ಮಾಡಿದಂತೆಯೇ.

ಖಚಿತತೆಗೆ ವಾಡಿಕೆಯಂತೆ 95 ಶೇಕಡಾ ವಿಶ್ವಾಸ ಮಟ್ಟ ಇಟ್ಟುಕೊಳ್ಳೋಣ. ಅದಕ್ಕೆ ಸೇರಿದ z ಬೆಲೆ 1.96.

ಫೋಟೋವನ್ನು ಓದುವುದು

ಟಿಪ್ಪಣಿಯ ಫೋಟೋದಲ್ಲಿ ಹೀಗೆ ಕಾಣುತ್ತದೆ ಎಂದಿಟ್ಟುಕೊಳ್ಳಿ:

```
310  245  280  195
265  330  220  255
290  175  240  315
ಒಟ್ಟು 3120   ಸರಾಸರಿ 260   SD 46.05
```

ನೇರವಾಗಿ 46.05ನ್ನು ಎತ್ತಿಕೊಂಡು ಸೂತ್ರಕ್ಕೆ ಹಾಕುವ ಆಸೆಯಾಗುತ್ತದೆ. ತಡೆದುಕೊಳ್ಳಿ. SD ಎಂದರೆ ಮಾನಕ ವಿಚಲನೆ, ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಬಿಡಿ ಅಂಕಿಗಳು ಹಾಳೆಯಲ್ಲೇ ಇರುವಾಗ ಅವುಗಳಿಂದ ಅದನ್ನು ನೀವೇ ಮತ್ತೆ ಲೆಕ್ಕ ಹಾಕಬೇಕು. ಅದಕ್ಕೂ ಮೊದಲು ಆ ಅಂಕಿಗಳನ್ನು ಸರಿಯಾಗಿ ಓದಿದ್ದೀರಾ ಎಂದು ಪರೀಕ್ಷಿಸಬೇಕು.

ಕೈಬರಹದಲ್ಲಿ 1 ಮತ್ತು 7 ಒಂದರಂತೆ ಇನ್ನೊಂದು ಕಾಣುತ್ತವೆ. ಮೇಲಿನ ಅಡ್ಡಗೆರೆ ಮಸುಕಾದರೆ 7 ಎಂಬುದು 1 ಆಗಿಬಿಡುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ೬ ಮತ್ತು ೯ ಅದೇ ರೀತಿ ಕಾಡುತ್ತವೆ. ಮೂರನೆಯ ಸಾಲಿನ 175ನ್ನು ನೀವು 115 ಎಂದು ಓದಿದಿರಿ ಎಂದುಕೊಳ್ಳಿ. ಒಂದೇ ಒಂದು ಅಂಕಿ. ಅದರಿಂದ, ಮುಂದೆ ಮಾಡಲಿರುವ ಲೆಕ್ಕದಲ್ಲಿ, ಮಾನಕ ವಿಚಲನೆ 48.1ರಿಂದ 59.5ಕ್ಕೆ ಜಿಗಿಯುತ್ತದೆ, ತೂಗಬೇಕಾದ ಕಾಯಿಗಳು 89ರಿಂದ 137ಕ್ಕೆ ಏರುತ್ತವೆ. ಅಂಚಿನಲ್ಲಿರುವ ಅಂಕಿಗಳು, ಅಂದರೆ ಅತಿ ಚಿಕ್ಕದು ಮತ್ತು ಅತಿ ದೊಡ್ಡದು, ಮಾನಕ ವಿಚಲನೆಯ ಮೇಲೆ ಹೆಚ್ಚು ಪ್ರಭಾವ ಬೀರುತ್ತವೆ. ಆದ್ದರಿಂದ ಅವುಗಳ ಮೇಲೆ ಕಣ್ಣು ಎರಡು ಸಲ ಹಾಯಲಿ.

ತಪ್ಪನ್ನು ಹಿಡಿಯುವ ಉಪಾಯ ಟಿಪ್ಪಣಿಯಲ್ಲೇ ಇದೆ. ಬರೆದವರು ಒಟ್ಟು ಮೊತ್ತವನ್ನೂ ಸರಾಸರಿಯನ್ನೂ ಕೊಟ್ಟಿದ್ದಾರೆ. ನೀವು ಓದಿದ ಹನ್ನೆರಡು ಅಂಕಿಗಳನ್ನು ಕೂಡಿಸಿ. 115 ಎಂದು ಓದಿದ್ದರೆ ಮೊತ್ತ 3060 ಬರುತ್ತದೆ, ಹಾಳೆಯಲ್ಲಿ 3120 ಇದೆ. ವ್ಯತ್ಯಾಸ 60. ಹತ್ತರ ಸ್ಥಾನದಲ್ಲಿ 7 ಇರುವಲ್ಲಿ 1 ಎಂದು ಓದಿದರೆ ಬರುವ ವ್ಯತ್ಯಾಸ ಸರಿಯಾಗಿ 60. ಈಗ ಹತ್ತರ ಸ್ಥಾನದಲ್ಲಿ 1 ಇರುವ ಅಂಕಿಗಳನ್ನಷ್ಟೇ ಫೋಟೋ ಹಿಗ್ಗಿಸಿ ನೋಡಿದರೆ ಸಾಕು: 310, 115, 315. ಮೊದಲಿನದು ಮತ್ತು ಕೊನೆಯದು 370, 375 ಆಗಿರಲೂಬಹುದಲ್ಲವೇ ಎಂದು ಕೇಳಬಹುದು. ಅದನ್ನು ಹಿಗ್ಗಿಸಿದ ಚಿತ್ರವೇ ಹೇಳಬೇಕು, ಅಲ್ಲೂ ತಿಳಿಯದಿದ್ದರೆ ಬರೆದವರನ್ನೇ ಕೇಳಬೇಕು. ವ್ಯತ್ಯಾಸ 9ರಿಂದ ಭಾಗವಾಗುವ ಚಿಕ್ಕ ಸಂಖ್ಯೆಯಾಗಿದ್ದರೆ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆಯನ್ನು ನೋಡಿ: 245ನ್ನು 254 ಎಂದು ನಕಲು ಮಾಡಿದರೆ ಮೊತ್ತ 9ರಷ್ಟು ಹೆಚ್ಚುತ್ತದೆ. ಇದು ಲೆಕ್ಕಪತ್ರ ನೋಡುವವರಿಗೆ ಹಳೆಯ ಪರಿಚಯದ ವಿಧಾನ, ಇಲ್ಲಿಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಸುಳಿವನ್ನು ಗಮನಿಸಿ. ಹನ್ನೆರಡೂ ತೂಕಗಳು 0 ಅಥವಾ 5ರಲ್ಲಿ ಕೊನೆಗೊಳ್ಳುತ್ತವೆ. ಅಂದರೆ ತಕ್ಕಡಿಯೇ 5 ಗ್ರಾಂ ಹೆಜ್ಜೆಯದು, ಇಲ್ಲವೇ ಬರೆದವರು ಹತ್ತಿರದ ಐದಕ್ಕೆ ಹೊಂದಿಸಿದ್ದಾರೆ. ಹೀಗಿರುವಾಗ ಕೊನೆಯ ಅಂಕಿ 6ರಂತೆಯೋ 3ರಂತೆಯೋ ಕಂಡರೆ ಅದು ನಿಮ್ಮ ಕಣ್ಣಿನ ಅಥವಾ ಫೋಟೋದ ತಪ್ಪು ಎಂದು ಧೈರ್ಯವಾಗಿ ಅನುಮಾನಿಸಬಹುದು. ಐದು ಗ್ರಾಂ ಹೆಜ್ಜೆಯಿಂದ ಲೆಕ್ಕ ಕೆಡುತ್ತದೆಯೇ? ಇಲ್ಲ. ಕಾಯಿಗಳ ನಡುವಿನ ವ್ಯತ್ಯಾಸವೇ ಐವತ್ತು ಗ್ರಾಂ ಆಸುಪಾಸಿನಲ್ಲಿರುವಾಗ ಈ ಹೆಜ್ಜೆ ಸೇರಿಸುವುದು ಲೆಕ್ಕಕ್ಕೆ ಸಿಗದಷ್ಟು ಸಣ್ಣದು.

ಫೋಟೋ ತೆಗೆಯುವವರು ನೀವೇ ಆಗಿದ್ದರೆ ಹಾಳೆಯನ್ನು ಸಮತಟ್ಟಾಗಿ ಇಟ್ಟು, ನೇರ ಮೇಲಿನಿಂದ, ಹಗಲಿನ ಬೆಳಕಿನಲ್ಲಿ, ನಾಲ್ಕೂ ಅಂಚು ಕಾಣುವಂತೆ ತೆಗೆಯಿರಿ. ಅಂಚಿನಲ್ಲಿ ದಿನಾಂಕ, ಘಟಕ, ಯಾರ ಗದ್ದೆ ಎಂಬ ಮಾಹಿತಿ ಇರುತ್ತದೆ. ಅಂಕಿಗಳಿಗಷ್ಟೇ ಹತ್ತಿರ ಹೋಗಿ ತೆಗೆದರೆ ಅವು ಕತ್ತರಿಸಿ ಹೋಗುತ್ತವೆ. ಸಂದೇಶದ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುವುದರಿಂದ ಹಿಗ್ಗಿಸಿದಾಗ ದಶಮಾಂಶದ ಚುಕ್ಕೆ ಮಾಯವಾಗಬಹುದು. ಕಡತವಾಗಿ ಕಳುಹಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ.

ಆ 46.05 ಏನು?

ಈಗ ಹನ್ನೆರಡು ತೂಕಗಳನ್ನು ಹಾಳೆಯಿಂದ ಸ್ಪ್ರೆಡ್‌ಶೀಟಿಗೆ ಇಳಿಸಿ, ಎರಡು ಕೋಶಗಳಲ್ಲಿ ಹೀಗೆ ಬರೆಯಿರಿ:

```
=STDEV.S(A1:A12)
=STDEV.P(A1:A12)
```

ಮೊದಲನೆಯದು 48.10 ಕೊಡುತ್ತದೆ, ಎರಡನೆಯದು 46.05. ಟಿಪ್ಪಣಿಯಲ್ಲಿರುವುದು ಎರಡನೆಯದು ಎಂದು ತಿಳಿಯಿತು. ಕೈಲೆಕ್ಕದಲ್ಲಿ ಹೇಳುವುದಾದರೆ, ಪ್ರತಿ ತೂಕವೂ 260ರಿಂದ ಎಷ್ಟು ದೂರ ಇದೆ ಎಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿದರೆ 25,450 ಬರುತ್ತದೆ. ಇದನ್ನು 12ರಿಂದ ಭಾಗಿಸಿ ವರ್ಗಮೂಲ ತೆಗೆದರೆ 46.05, 11ರಿಂದ ಭಾಗಿಸಿದರೆ 48.10.

ನಮಗೆ ಬೇಕಾದದ್ದು 11ರಿಂದ ಭಾಗಿಸಿದ್ದು. ಗದ್ದೆಯಲ್ಲಿರುವ ಎಲ್ಲ ಗುಳ್ಳಗಳ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ. ಇದೇ ಹನ್ನೆರಡರ ಸರಾಸರಿಯಿಂದ ದೂರ ಅಳೆದಿದ್ದೇವೆ. ಆ ಸರಾಸರಿ ಈ ಹನ್ನೆರಡಕ್ಕೇ ಅತ್ಯಂತ ಹತ್ತಿರವಾಗಿ ಕುಳಿತಿರುವುದರಿಂದ ದೂರಗಳು ನಿಜಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ. 12ರ ಬದಲು 11ರಿಂದ ಭಾಗಿಸುವುದು ಆ ಕೊರತೆಯನ್ನು ತುಂಬುತ್ತದೆ. ಕ್ಯಾಲ್ಕುಲೇಟರುಗಳಲ್ಲಿ ಈ ಎರಡೂ ಬೇರೆ ಬೇರೆ ಗುಂಡಿಯಾಗಿಯೋ ಆಯ್ಕೆಯಾಗಿಯೋ ಇರುತ್ತವೆ: `σn` ಅಥವಾ `σx` ಎಂದಿರುವುದು 12ರಿಂದ ಭಾಗಿಸಿದ್ದು, `σn-1` ಅಥವಾ `sx` ಎಂದಿರುವುದು ನಮಗೆ ಬೇಕಾದದ್ದು.

ಬಿಡಿ ತೂಕಗಳು ಫೋಟೋದಲ್ಲಿ ಇಲ್ಲದೆ ಬರೀ 46.05 ಮತ್ತು ಕಾಯಿಗಳ ಸಂಖ್ಯೆ ಇದ್ದು, ಅದು 12ರಿಂದ ಭಾಗಿಸಿದ್ದು ಎಂದು ಬರೆದವರು ಹೇಳಿದರೆ, 12/11ರ ವರ್ಗಮೂಲದಿಂದ ಗುಣಿಸಿದರಾಯಿತು. 46.05 × 1.0445 = 48.10.

ಇದಕ್ಕಿಂತ ಅಪಾಯಕಾರಿಯಾದ ಗೊಂದಲ ಬೇರೊಂದಿದೆ. ಕೆಲವು ಸಾಫ್ಟ್‌ವೇರ್‌ಗಳು ಸರಾಸರಿಯ ಪಕ್ಕದಲ್ಲಿ ಮಾನಕ ದೋಷವನ್ನು, ಅಂದರೆ SE ಎಂಬುದನ್ನು ಕೊಡುತ್ತವೆ. ಅದು ಮಾನಕ ವಿಚಲನೆಯನ್ನು 12ರ ವರ್ಗಮೂಲದಿಂದ ಭಾಗಿಸಿದ್ದು, ಇಲ್ಲಿ 13.9 ಆಗುತ್ತದೆ. ಟಿಪ್ಪಣಿಯಲ್ಲಿ "260 ± 13.9" ಎಂದು ಬರೆದಿದ್ದು, ನೀವು ಅದನ್ನು ಮಾನಕ ವಿಚಲನೆ ಎಂದು ಭಾವಿಸಿದರೆ ಲೆಕ್ಕ "ಎಂಟು ಕಾಯಿ ತೂಗಿದರೆ ಸಾಕು" ಎನ್ನುತ್ತದೆ. ಹನ್ನೆರಡು ತೂಗಿದ ಪೈಲಟ್ಟಿಗಿಂತಲೂ ಕಡಿಮೆ! ಹೀಗೆ ವಿಚಿತ್ರ ಉತ್ತರ ಬಂದಾಗ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಬಿಡಿ ಅಂಕಿಗಳಿಲ್ಲದಿದ್ದರೂ ಅತಿ ದೊಡ್ಡ ಮತ್ತು ಅತಿ ಚಿಕ್ಕ ತೂಕ ಗೊತ್ತಿದ್ದರೆ ಒರಟಾಗಿ ಪರೀಕ್ಷಿಸಬಹುದು. ತೂಕಗಳು ಮಧ್ಯದಲ್ಲಿ ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ ಹರಡಿದ್ದರೆ, ಹನ್ನೆರಡು ಅಳತೆಗಳ ವ್ಯಾಪ್ತಿಯನ್ನು 3.26ರಿಂದ ಭಾಗಿಸಿದಾಗ ಮಾನಕ ವಿಚಲನೆಯ ಹತ್ತಿರದ ಬೆಲೆ ಸಿಗುತ್ತದೆ. ಹತ್ತು ಅಳತೆಗಳಾದರೆ ಭಾಜಕ 3.08, ಐದಾದರೆ 2.33. ನಮ್ಮ ಉದಾಹರಣೆಯಲ್ಲಿ 330 − 175 = 155; 155 ÷ 3.26 = 47.5. ಇದು 48.1ಕ್ಕೆ ಹತ್ತಿರ ಇದೆ, 13.9ಕ್ಕೆ ಅಲ್ಲ. ಅಂದರೆ ನಮ್ಮ ಕೈಯಲ್ಲಿರುವುದು ಮಾನಕ ವಿಚಲನೆಯೇ.

ಸೂತ್ರ ಮತ್ತು ಮೊದಲ ಉತ್ತರ

```
n = (z × s / E)²
n = (1.96 × 48.1 / 10)² = 88.9
```

ಭಿನ್ನಾಂಕ ಬಂದಾಗ ಯಾವಾಗಲೂ ಮೇಲಕ್ಕೆ ಏರಿಸಬೇಕು: 89. ಇಲ್ಲಿ n ಎಂದರೆ ತೂಗಬೇಕಾದ ಕಾಯಿಗಳ ಸಂಖ್ಯೆ, s ಎಂದರೆ ಮಾನಕ ವಿಚಲನೆ. s ಮತ್ತು E ಎರಡೂ ಒಂದೇ ಘಟಕದಲ್ಲಿರಬೇಕು, ಒಂದು ಗ್ರಾಮಿನಲ್ಲಿ ಇನ್ನೊಂದು ಕಿಲೋದಲ್ಲಿ ಆಗಬಾರದು. 5 ಗ್ರಾಂ ಮಿತಿ ಬೇಕೆಂದಿದ್ದರೆ ಇದೇ ಉತ್ತರ 356 ಆಗುತ್ತಿತ್ತು.

ಉತ್ತರ ಮೂವತ್ತಕ್ಕಿಂತ ಕಡಿಮೆ ಬಂದರೆ 1.96ರ ಬದಲು t ಕೋಷ್ಟಕದ ಬೆಲೆಯನ್ನು ಹಾಕಿ ಒಂದೆರಡು ಸಲ ಮರುಲೆಕ್ಕ ಮಾಡಬೇಕು, ಆಗ ಕೆಲವು ಕಾಯಿ ಹೆಚ್ಚುತ್ತವೆ. ನಮ್ಮ ಸಂಖ್ಯೆಯಲ್ಲಿ ಆ ವ್ಯತ್ಯಾಸ ಗಮನಕ್ಕೆ ಬರುವಷ್ಟಿಲ್ಲ.

ಬಹಳಷ್ಟು ಯೋಜನಾ ವರದಿಗಳು ಈ ಸಾಲಿನಲ್ಲಿ ನಿಂತುಬಿಡುತ್ತವೆ. ಆದರೆ 89 ಎಂಬ ಈ ಸಂಖ್ಯೆ ಎರಡು ಊಹೆಗಳ ಮೇಲೆ ನಿಂತಿದೆ. ಒಂದು, 48.1 ಎಂಬುದು ಎಲ್ಲ ಗುಳ್ಳಗಳ ನಿಜವಾದ ಮಾನಕ ವಿಚಲನೆ. ಎರಡು, ತೂಗುವ ಪ್ರತಿ ಕಾಯಿಯೂ ಇನ್ನೊಂದರಿಂದ ಸ್ವತಂತ್ರವಾಗಿ ಆಯ್ದದ್ದು. ಎರಡೂ ಇಲ್ಲಿ ನಿಲ್ಲುವುದಿಲ್ಲ.

ಹನ್ನೆರಡು ಕಾಯಿಗಳ ಮಾತನ್ನು ಎಷ್ಟು ನಂಬಬಹುದು

ಮೊದಲ ಊಹೆಯನ್ನು ನೋಡೋಣ. ಬೇರೆ ಹನ್ನೆರಡು ಕಾಯಿಗಳನ್ನು ತೂಗಿದ್ದರೆ 48.1 ಬರುತ್ತಿರಲಿಲ್ಲ, 38 ಬರಬಹುದಿತ್ತು, 57 ಬರಬಹುದಿತ್ತು. ತೂಕಗಳ ಹರಡುವಿಕೆ ಸಾಮಾನ್ಯ ವಿತರಣೆಗೆ ಹತ್ತಿರ ಇದೆ ಎಂದು ಒಪ್ಪಿಕೊಂಡರೆ, ಈ ಅನಿಶ್ಚಿತತೆಯನ್ನು ಕೈ ವರ್ಗ, ಅಂದರೆ χ² ಕೋಷ್ಟಕದಿಂದ ಅಳೆಯಬಹುದು. ಹನ್ನೆರಡು ಕಾಯಿಗಳ ಆಧಾರದ ಮೇಲೆ ನಿಜವಾದ ಮಾನಕ ವಿಚಲನೆಯ 95 ಶೇಕಡಾ ವಿಶ್ವಾಸ ಅಂತರ ಸುಮಾರು 34ರಿಂದ 82ರವರೆಗೆ ಹರಡುತ್ತದೆ. ಅದನ್ನು ಕಾಯಿಗಳ ಸಂಖ್ಯೆಗೆ ಪರಿವರ್ತಿಸಿದರೆ 45ರಿಂದ 257. ಈ ದೊಡ್ಡ ಹರವಿನ ಮಧ್ಯದಲ್ಲಿ 89 ಎಂದು ಒಂದು ಚುಕ್ಕೆ ಇಟ್ಟಿದ್ದೇವೆ, ಅಷ್ಟೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿಕ್ಕ ಮಾದರಿಯ ಮಾನಕ ವಿಚಲನೆ ನಿಜವಾದದ್ದಕ್ಕಿಂತ ಕಡಿಮೆ ಬರುವ ಸಂಭವ, ಹೆಚ್ಚು ಬರುವ ಸಂಭವಕ್ಕಿಂತ ಸ್ವಲ್ಪ ಜಾಸ್ತಿ. ಹನ್ನೆರಡು ಅಳತೆಗಳಲ್ಲಿ ಸುಮಾರು 56 ಶೇಕಡಾ ಸಲ ಹೀಗಾಗುತ್ತದೆ. ಅಂದರೆ ಪೈಲಟ್ ಕೊಟ್ಟ ಸಂಖ್ಯೆಯನ್ನು ಹಾಗೆಯೇ ಬಳಸಿ ಯೋಜನೆ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಕಾದದ್ದಕ್ಕಿಂತ ಕಡಿಮೆ ತೂಗುತ್ತಾರೆ, ಕೊನೆಗೆ ಹತ್ತು ಗ್ರಾಂ ಮಿತಿ ದಾಟಿ ಹೋಗುತ್ತದೆ.

ಇದಕ್ಕೆ ಪರಿಹಾರ ಮಾನಕ ವಿಚಲನೆಯ ಮೇಲಿನ ಮಿತಿಯನ್ನು ಬಳಸುವುದು. 95 ಶೇಕಡಾ ಮೇಲ್ಮಿತಿ ಹಾಕಿದರೆ ಸಂಖ್ಯೆ ವಿಪರೀತ ಏರುತ್ತದೆ, ಆದ್ದರಿಂದ 80 ಶೇಕಡಾ ಮೇಲ್ಮಿತಿ ನನ್ನ ಆಯ್ಕೆ. ಸ್ಪ್ರೆಡ್‌ಶೀಟಿನಲ್ಲಿ ಇದು ಒಂದೇ ಸಾಲು:

```
=STDEV.S(A1:A12)*SQRT(11/CHISQ.INV(0.2,11))
```

11 ಎಂಬುದು ಪೈಲಟ್ ಕಾಯಿಗಳ ಸಂಖ್ಯೆಗಿಂತ ಒಂದು ಕಡಿಮೆ. ಇಲ್ಲಿ χ² ಬೆಲೆ 6.989, ಗುಣಕ 1.25, ಫಲಿತಾಂಶ 60.3 ಗ್ರಾಂ. ಇದನ್ನು ಸೂತ್ರಕ್ಕೆ ಹಾಕಿದರೆ ಬೇಕಾದ ಕಾಯಿಗಳು 140. ಪೈಲಟ್ ದೊಡ್ಡದಾದಷ್ಟೂ ಈ ಗುಣಕ ಒಂದರ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಪೈಲಟ್ಟಿನಲ್ಲೇ ಹನ್ನೆರಡರ ಬದಲು ಮೂವತ್ತು ಕಾಯಿ ತೂಗಲು ಸಾಧ್ಯವಿದ್ದರೆ ಖಂಡಿತ ತೂಗಿ. ಅಲ್ಲಿ ಹಾಕುವ ಶ್ರಮ ಇಲ್ಲಿ ಉಳಿತಾಯವಾಗುತ್ತದೆ.

ಒಂದೇ ಗದ್ದೆಯ ಕಾಯಿಗಳು ಒಂದೇ ಮಾತು ಹೇಳುತ್ತವೆ

ಎರಡನೆಯ ಊಹೆ ಇನ್ನೂ ಗಂಭೀರವಾದದ್ದು, ವಿದ್ಯಾರ್ಥಿಗಳ ವರದಿಗಳಲ್ಲಿ ಅತಿ ಹೆಚ್ಚು ಮರೆಯುವುದೂ ಇದನ್ನೇ. ಒಬ್ಬ ಬೆಳೆಗಾರರ ಗದ್ದೆಯಲ್ಲಿ ನಾಟಿಯ ದಿನ ಒಂದೇ, ಮಣ್ಣು ಒಂದೇ, ನೀರು ಗೊಬ್ಬರ ಒಂದೇ, ಎಷ್ಟು ದೊಡ್ಡದಾದಾಗ ಕೊಯ್ಯಬೇಕು ಎಂಬ ಅವರ ಕಣ್ಣಳತೆಯೂ ಒಂದೇ. ಆದ್ದರಿಂದ ಒಂದು ಗದ್ದೆಯ ಕಾಯಿಗಳು ಪರಸ್ಪರ ಹೋಲುತ್ತವೆ. ಒಂದೇ ಗದ್ದೆಯಿಂದ 140 ಕಾಯಿ ತೂಗಿದರೆ ಆ ಗದ್ದೆಯ ಬಗ್ಗೆ ಚೆನ್ನಾಗಿ ಗೊತ್ತಾಗುತ್ತದೆ, ಮಟ್ಟುವಿನ ಗುಳ್ಳದ ಬಗ್ಗೆ ಬಹಳ ಕಡಿಮೆ ಗೊತ್ತಾಗುತ್ತದೆ.

ಈ ಹೋಲಿಕೆಯ ಪ್ರಮಾಣವನ್ನು ρ ಎಂದು ಬರೆಯುತ್ತಾರೆ. ಅದು ಸೊನ್ನೆ ಆದರೆ ಗದ್ದೆಗೂ ತೂಕಕ್ಕೂ ಸಂಬಂಧವಿಲ್ಲ; 1 ಆದರೆ ಒಂದು ಗದ್ದೆಯ ಎಲ್ಲ ಕಾಯಿಗಳೂ ಒಂದೇ ತೂಕ. ಪ್ರತಿ ಗದ್ದೆಯಿಂದ m ಕಾಯಿ ತೂಗಿದರೆ, ಬೇಕಾದ ಒಟ್ಟು ಸಂಖ್ಯೆಯನ್ನು ಈ ಗುಣಕದಿಂದ ಹೆಚ್ಚಿಸಬೇಕು:

```
1 + (m − 1) × ρ
```

ρ ಎಷ್ಟೆಂದು ತಿಳಿಯಬೇಕಾದರೆ ಪೈಲಟ್ಟಿನಲ್ಲೇ ಹಲವು ಗದ್ದೆಗಳ ಕಾಯಿ ಇರಬೇಕು, ಯಾವ ಕಾಯಿ ಯಾವ ಗದ್ದೆಯದು ಎಂದು ಬರೆದಿರಬೇಕು. ಟಿಪ್ಪಣಿಯ ಅಂಚಿನಲ್ಲಿ ಇರಬಹುದಾದ ಆ ಚಿಕ್ಕ ಬರಹಕ್ಕೆ ಇಷ್ಟು ಬೆಲೆ. ನಮ್ಮ ಟಿಪ್ಪಣಿಯಲ್ಲಿ ಅದಿಲ್ಲ, ಆದ್ದರಿಂದ ಯೋಜನೆಗಾಗಿ 0.1 ಎಂದು ಇಟ್ಟುಕೊಳ್ಳೋಣ. ವರದಿಯಲ್ಲಿ ಇದು ಊಹೆ ಎಂದು ಸ್ಪಷ್ಟವಾಗಿ ಬರೆಯಬೇಕು.

ಒಂದೊಂದು ಗದ್ದೆಯಿಂದ ಏಳು ಕಾಯಿ ತೂಗಿದರೆ ಗುಣಕ 1.6, ಬೇಕಾದ ಕಾಯಿಗಳು 224, ಅಂದರೆ 32 ಗದ್ದೆ. ಮೂರೇ ಕಾಯಿ ತೂಗಿದರೆ ಗುಣಕ 1.2, ಕಾಯಿಗಳು 168, ಗದ್ದೆಗಳು 56. ಮೂರರ ಯೋಜನೆಯಲ್ಲಿ ತೂಗುವ ಕೆಲಸ ಕಡಿಮೆ, ಓಡಾಟ ಹೆಚ್ಚು. ಕಾಯಿಗಳನ್ನು ಒಂದೇ ಕಡೆ ತಂದು ಸೇರಿಸುವ ಜಾಗ ಇದ್ದರೆ ಓಡಾಟದ ಪ್ರಶ್ನೆ ಬಹುಪಾಲು ಕರಗುತ್ತದೆ, ಹಾಗಾಗಿ ಕಡಿಮೆ ಕಾಯಿ, ಹೆಚ್ಚು ಬೆಳೆಗಾರರು ಎಂಬ ಯೋಜನೆಯ ಕಡೆಗೆ ನನ್ನ ಒಲವು. 56 ಬೆಳೆಗಾರರು ಸಿಗುವುದಿಲ್ಲ ಎಂದಾದರೆ ಏಳರ ಯೋಜನೆಗೆ ಹೋಗಿ.

ಪೈಲಟ್ಟಿನ ಹನ್ನೆರಡೂ ಕಾಯಿಗಳು ಒಂದೇ ಗದ್ದೆಯವು ಎಂದು ವಿಚಾರಿಸಿದಾಗ ತಿಳಿದುಬಂದರೆ? ಆಗ 48.1 ಎಂಬುದು ಒಂದು ಗದ್ದೆಯ ಒಳಗಿನ ವ್ಯತ್ಯಾಸ ಮಾತ್ರ. ಗದ್ದೆಯಿಂದ ಗದ್ದೆಗೆ ಇರುವ ವ್ಯತ್ಯಾಸ ಅದರಲ್ಲಿ ಸೇರಿಲ್ಲ. ಅಂತಹ ಟಿಪ್ಪಣಿಯ ಮೇಲೆ ದೊಡ್ಡ ಯೋಜನೆ ಕಟ್ಟುವ ಬದಲು, ಐದಾರು ಗದ್ದೆಗಳಿಂದ ಐದೈದು ಕಾಯಿ ತೂಗಿ ಹೊಸ ಪೈಲಟ್ ಮಾಡುವುದೇ ಒಳ್ಳೆಯದು. ಹಾಗೆಯೇ ಪೈಲಟ್ ಹಂಗಾಮಿನ ಆರಂಭದ ಕೊಯ್ಲಿನದಾಗಿದ್ದು, ನಿಮ್ಮ ಸಮೀಕ್ಷೆ ಹಂಗಾಮಿನ ಕೊನೆಯಲ್ಲಿ ಎಂದಾದರೂ ಆ ಮಾನಕ ವಿಚಲನೆ ನಿಮ್ಮದಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಸಂಖ್ಯೆ ಇಳಿಯುತ್ತದೆ. ನಿಮ್ಮ ಪ್ರಶ್ನೆ ಇಡೀ ಮಟ್ಟುವಿನ ಬಗ್ಗೆ ಅಲ್ಲ, ಒಂದು ದಿನ ಬಂದ 600 ಕಾಯಿಗಳ ಒಂದು ರಾಶಿಯ ಬಗ್ಗೆ ಮಾತ್ರ ಎಂದಾದರೆ, ಆ ರಾಶಿಯಿಂದಲೇ ಯಾದೃಚ್ಛಿಕವಾಗಿ ಆಯುವಾಗ 140ನ್ನು (1 + 139/600)ರಿಂದ ಭಾಗಿಸಬಹುದು; 114 ಸಾಕಾಗುತ್ತದೆ. ಆದರೆ ಆ ಉತ್ತರ ಆ ರಾಶಿಗೆ ಮಾತ್ರ ಸಲ್ಲುತ್ತದೆ.

ತೂಗುವ ದಿನ

ಕ್ರೇಟಿನ ಮೇಲ್ಭಾಗದಲ್ಲಿ ಒಳ್ಳೆಯ ಕಾಯಿಗಳನ್ನು ಇಟ್ಟಿರುತ್ತಾರೆ, "ಇದನ್ನು ತೂಗಿ" ಎಂದು ಪ್ರೀತಿಯಿಂದ ಚೆಂದದ್ದನ್ನೇ ಕೈಗೆ ಕೊಡುತ್ತಾರೆ. ಅವನ್ನೇ ತೂಗಿದರೆ ಸರಾಸರಿ ಮೇಲಕ್ಕೆ ಸರಿಯುತ್ತದೆ, ಎಷ್ಟು ದೊಡ್ಡ ಮಾದರಿಯೂ ಅದನ್ನು ಸರಿಪಡಿಸುವುದಿಲ್ಲ. ಬೆಳೆಗಾರರು ಸುಮಾರು 300 ಕಾಯಿ ತಂದಿದ್ದಾರೆ, ಮೂರು ಬೇಕು ಎಂದಾದರೆ, 1ರಿಂದ 100ರೊಳಗೆ ಒಂದು ಸಂಖ್ಯೆಯನ್ನು ಚೀಟಿಯೆತ್ತಿ ಆರಿಸಿ. 37 ಬಂದರೆ, ಕ್ರೇಟಿಗೆ ತುಂಬುವಾಗ ಎಣಿಸುತ್ತ 37ನೆಯ, 137ನೆಯ, 237ನೆಯ ಕಾಯಿಯನ್ನು ತೂಗಿ. ಅದು ಸಣ್ಣದಿರಲಿ, ಸೊಟ್ಟಗಿರಲಿ, ಬದಲಿಸಬೇಡಿ. ತೊಟ್ಟು ಸಹಿತ ತೂಗುವುದೇ, ತೊಟ್ಟು ತೆಗೆದೇ ಎಂಬುದು ಪೈಲಟ್ಟಿನಲ್ಲಿ ಹೇಗಿತ್ತೋ ಹಾಗೆಯೇ ಇರಲಿ. ಪೈಲಟ್ಟಿನ ಕಾಯಿಗಳನ್ನು ಅಂತಿಮ ಲೆಕ್ಕಕ್ಕೆ ಸೇರಿಸಬಹುದೇ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ: ಅದೇ ಹಂಗಾಮು, ಅದೇ ವಿಧಾನ, ಅದೇ ಆಯ್ಕೆಯ ಕ್ರಮ ಇದ್ದರೆ ಮಾತ್ರ ಸೇರಿಸಿ. ನಮ್ಮ ಟಿಪ್ಪಣಿಯ ಹನ್ನೆರಡು ಕಾಯಿಗಳನ್ನು ಹೇಗೆ ಆಯ್ದರು ಎಂದು ಗೊತ್ತಿಲ್ಲವಾದ್ದರಿಂದ ನಾನು ಸೇರಿಸುವುದಿಲ್ಲ.

ತೂಗಿದ ಮೇಲೆ ಮಿತಿಯನ್ನು ಮತ್ತೆ ಅಳೆಯಿರಿ

ಯೋಜನೆ ಮಾಡುವಾಗ ಹಾಕಿದ 10 ಗ್ರಾಂ ಒಂದು ಗುರಿ ಮಾತ್ರ. ವರದಿಯಲ್ಲಿ ಬರೆಯಬೇಕಾದದ್ದು ನಿಜವಾಗಿ ಸಿಕ್ಕ ಮಿತಿ. 168 ತೂಕಗಳನ್ನು ಒಟ್ಟಿಗೆ ಹಾಕಿ 168ರ ವರ್ಗಮೂಲದಿಂದ ಭಾಗಿಸಿದರೆ ಗದ್ದೆಯ ಹೋಲಿಕೆ ಮತ್ತೆ ಮರೆತುಹೋಗುತ್ತದೆ, ಮಿತಿ ಸುಳ್ಳಾಗಿ ಚಿಕ್ಕದಾಗುತ್ತದೆ. ಸರಳ ದಾರಿ ಹೀಗಿದೆ: ಪ್ರತಿ ಗದ್ದೆಯಿಂದ ಸಮನಾಗಿ ಮೂರು ಕಾಯಿ ತೂಗಿದ್ದರೆ, ಮೊದಲು ಪ್ರತಿ ಗದ್ದೆಯ ಸರಾಸರಿ ತೆಗೆಯಿರಿ. ಆಗ 56 ಸಂಖ್ಯೆಗಳು ಸಿಗುತ್ತವೆ. ಆ 56ರ ಮಾನಕ ವಿಚಲನೆಯನ್ನು 56ರ ವರ್ಗಮೂಲದಿಂದ ಭಾಗಿಸಿ, 2.00ರಿಂದ ಗುಣಿಸಿ, ಅದು 55 ಸ್ವಾತಂತ್ರ್ಯ ಮಟ್ಟಕ್ಕೆ t ಬೆಲೆ. ಗದ್ದೆ ಸರಾಸರಿಗಳ ಮಾನಕ ವಿಚಲನೆ 30 ಗ್ರಾಂ ಬಂದರೆ ಮಿತಿ ಸುಮಾರು 8 ಗ್ರಾಂ, ಗುರಿಯೊಳಗೆ ಇದ್ದೀರಿ. 40 ಬಂದರೆ ಸುಮಾರು 10.7, ಗುರಿ ಸ್ವಲ್ಪ ತಪ್ಪಿದೆ.

ತಪ್ಪಿದರೆ ಎರಡು ದಾರಿಗಳಿವೆ. 10.7 ಎಂದೇ ಬರೆದು ಮುಗಿಸಬಹುದು, ಕ್ರೇಟಿನ ಅಂದಾಜಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಇಲ್ಲವೇ ಇನ್ನಷ್ಟು ಗದ್ದೆಗಳಿಗೆ ಹೋಗಬಹುದು: 56ನ್ನು (10.7/10)ರ ವರ್ಗದಿಂದ ಗುಣಿಸಿದರೆ 64.1, ಮೇಲಕ್ಕೆ ಏರಿಸಿದರೆ 65, ಅಂದರೆ ಒಂಬತ್ತು ಗದ್ದೆ ಹೆಚ್ಚು. ಹೆಚ್ಚುವರಿ ತೂಕಕ್ಕೆ ಹೋಗುವ ನಿರ್ಧಾರ ಮಿತಿಯ ಅಗಲವನ್ನು ನೋಡಿ ಆಗಬೇಕೇ ಹೊರತು ಸರಾಸರಿ ನಿಮಗೆ ಇಷ್ಟವಾಗುವ ಸಂಖ್ಯೆಗೆ ಬಂದಿದೆಯೇ ಎಂದು ನೋಡಿ ಅಲ್ಲ. ಅಗಲ ಹತ್ತನ್ನು ದಾಟಿದರೆ ಹೆಚ್ಚುವರಿ ಗದ್ದೆಗಳಿಗೆ ಹೋಗುತ್ತೇವೆ ಎಂದು ಮೊದಲ ಕಾಯಿ ತೂಗುವ ಮುನ್ನವೇ ಯೋಜನೆಯ ಹಾಳೆಯಲ್ಲಿ ಬರೆದಿಡಿ. ಅದೇ ಹಾಳೆಯಲ್ಲಿ ಪೈಲಟ್ ಕಾಯಿಗಳ ಸಂಖ್ಯೆ, 48.1 ಹೇಗೆ ಬಂತು, 60.3 ಏಕೆ ಬಳಸಿದಿರಿ, ρ ಊಹೆಯೇ ಅಳತೆಯೇ ಎಂಬುದೂ ಇರಲಿ. ಜೊತೆಗೆ ಆ ಮೂಲ ಟಿಪ್ಪಣಿಯ ಫೋಟೋವನ್ನು ವರದಿಯ ಅನುಬಂಧವಾಗಿ ಸೇರಿಸಿ.